ಚಂದಾ ಕೊಟ್ಟಿದ್ದು ಓದೋದಕ್ಕೆ

“ದುಡ್ಡು ಕೊಟ್ಟು ಓದುವ ಬರಹವನ್ನು ನಮ್ಮ ಡೊಂಬಿವಲಿ ಕನ್ನಡ ಗುಂಪಿಗೆ ಹಾಕಿದರೆ ತಪ್ಪೇನು?”

ಲಿಂಕ್ ಹಾಕಿ, ತೊಂದರೆ ಇಲ್ಲ. ಚಂದಾ ಇಲ್ಲದವರಿಗೆ ಬರೆದವರು ಗೆರೆ ಎಳೆದ ಜಾಗದವರೆಗೆ ಮಾತ್ರ ಕಾಣುತ್ತದೆ. ಆದರೆ ಸಬ್‌ಸ್ಟ್ಯಾಕ್‌ನಂಥ ಚಂದಾ ಬರಹಗಳ ತಾಣದಲ್ಲಿ ಪೂರ್ತಿ ಬರಹ ನಿಮ್ಮ ಇಮೇಲ್‌ಗೇ ಬರುತ್ತದೆ. ಅದಕ್ಕೆ ಬೀಗ ಇಲ್ಲ, ಫಾರ್ವರ್ಡ್ ಮಾಡಿದರೆ ಯಾರು ಬೇಕಾದರೂ ಓದಬಹುದು. ಹಾಗಂತ ಹಂಚುವ ಹಕ್ಕು ನಿಮಗೆ ಬಂತು ಅಂತಲ್ಲ, ಅಲ್ವಾ? ಅದು ಬರೆದವರದ್ದೇ. ಬೇಕಿದ್ದರೆ ಎರಡು ಸಾಲು ಎತ್ತಿಕೊಂಡು ವಿಮರ್ಶೆ ಬರೆಯಿರಿ. ಅದಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂನಲ್ಲಿ ಅವಕಾಶ ಇದೆ.

ಪೇಟ್ರಿಯಾನ್‌ನಂಥ ಚಂದಾ ತಾಣ ಕೇಳೋದಕ್ಕೆ ಅಂತ ನಿಮಗೆ ಕೊಡುವ ಆಡಿಯೊ ಫೀಡ್ ಲಿಂಕ್ ಅಂತೂ ಹಾಕಲೇಬೇಡಿ. ಅದು ಒಬ್ಬೊಬ್ಬರಿಗೂ ಬೇರೆ ಬೇರೆ. ಎಲ್ಲಿಂದ ಸೋರಿತು ಅಂತ ಪತ್ತೆಯಾದರೆ ನಿಮ್ಮದೇ ಲಿಂಕ್ ಬಂದ್ ಆಗಬಹುದು.