ಕನ್ನಡ ಬೇರೆ ಸಂಸಾರ ಹೂಡಿದ ಇಸವಿ

ಮಂಡ್ಯದಲ್ಲಿ ಮಳೆಗೆ ಬರ ಬಂದೀತು, ಜಯಂತಿಗಳಿಗೆ ಬರ ಬಂದದ್ದಿಲ್ಲ. ಈಗ ಅವುಗಳ ಸಾಲಿಗೆ ಹೊಸದೊಂದು ಸೇರುವ ಲಕ್ಷಣ ಕಾಣುತ್ತಿದೆ: ಕನ್ನಡವೂ ತಮಿಳೂ ಬೇರೆಬೇರೆಯಾದ ವರ್ಷದ ಮಹೋತ್ಸವ. ಕನ್ನಡ ತಮಿಳಿನಿಂದ ಹುಟ್ಟಿತು ಎಂದು ಯಾರಾದರೂ ಮೈಕಿನ ಮುಂದೆ ಹೇಳಿದರೆ ನಮ್ಮ ಕಡೆ ವಾರಗಟ್ಟಲೆ ಪ್ರತಿಕೃತಿ ಸುಡುವುದು ವಾಡಿಕೆ. ಈ ಸಲ ಒಂದು ಸಮಿತಿಗೆ ಹುಲ್ಲಿನ ಖರ್ಚು ಸಾಕೆನಿಸಿದೆ. ‘ವೈಜ್ಞಾನಿಕವಾಗಿ ಇಸವಿ ಕಂಡುಹಿಡಿದು, ಅದನ್ನು ಫ್ಲೆಕ್ಸಿನ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿಬಿಡೋಣ’ ಎಂದು ಅಧ್ಯಕ್ಷರು ನಿರ್ಣಯ ಮಂಡಿಸಿದರು. ಅದಕ್ಕೊಂದು ಸೂತ್ರವೂ ಇದೆಯೆಂದು ಯಾರೋ ಹೇಳಿದರು. ಕಾವೇರಿಯ ಸಂಕಷ್ಟ ಸೂತ್ರದಿಂದ ಬೆಂದವರ ಊರಿನಲ್ಲಿ ‘ತಮಿಳು’, ‘ಸೂತ್ರ’ ಎಂಬ ಎರಡು ಪದಗಳು ಒಂದೇ ವಾಕ್ಯದಲ್ಲಿ ಬಂದರೆ ಸಭೆ ತಾನಾಗಿಯೇ ತುಂಬುತ್ತದೆ. ನಾನೂ ಹೋಗಿ ಕುಳಿತೆ.

ಸೂತ್ರದ ಕರ್ತೃ ಅಮೆರಿಕದ ಭಾಷಾಶಾಸ್ತ್ರಜ್ಞ ಮಾರಿಸ್ ಸ್ವದೇಶ್. ಹೆಸರು ಕೇಳಿ ಸಮಿತಿಯ ಹಿರಿಯರೊಬ್ಬರು ‘ನಮ್ಮವರೇ’ ಎಂದು ಚಪ್ಪಾಳೆ ತಟ್ಟಿದರು. ಅಲ್ಲ ಎಂದು ತಿಳಿಸಬೇಕಾಯಿತು. 1950ರ ಸುಮಾರಿಗೆ ಆತ ಉತ್ತರ ಅಮೆರಿಕದ ಮೂಲನಿವಾಸಿಗಳ ಸೇಲಿಶ್ ಭಾಷೆಗಳನ್ನು ಹೋಲಿಸುತ್ತಿದ್ದ. ಅವುಗಳಿಗೆ ಹಳೆಯ ಶಾಸನವಿಲ್ಲ, ಬರೆದಿಟ್ಟ ಚರಿತ್ರೆಯಿಲ್ಲ. ಸತ್ತ ಮರದಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಹೇಳುವ ವಿಧಾನ ಆಗಷ್ಟೇ ಬಂದಿತ್ತು. ಇಂಗಾಲ ಒಂದೇ ವೇಗದಲ್ಲಿ ಸವೆಯುವುದಾದರೆ ಪದಗಳೂ ಹಾಗೆಯೇ ಸವೆಯಬಾರದೇಕೆ ಎಂಬುದು ಸ್ವದೇಶ್ ಕೇಳಿಕೊಂಡ ಪ್ರಶ್ನೆ. ಎಲ್ಲ ಜನರಿಗೂ ಬೇಕಾಗುವ ಪದಗಳನ್ನು, ಅಂದರೆ ಕಣ್ಣು, ನೀರು, ಕಲ್ಲು, ಸೂರ್ಯ, ಕುಡಿ, ಸಾಯಿ ಮುಂತಾದವನ್ನು ಆರಿಸಿ ಪಟ್ಟಿ ಮಾಡಿದ. ಮೊದಲು ಸುಮಾರು 200 ಇದ್ದದ್ದನ್ನು 1955ರಲ್ಲಿ 100ಕ್ಕೆ ಇಳಿಸಿದ. ಎರಡು ಭಾಷೆಗಳಲ್ಲಿ ಈ ಪಟ್ಟಿಯನ್ನು ತುಂಬಿ, ಒಂದೇ ಮೂಲದಿಂದ ಬಂದ ಜ್ಞಾತಿಪದಗಳು ಎಷ್ಟೆಂದು ಎಣಿಸುವುದಕ್ಕೆ ಲೆಕ್ಸಿಕೋಸ್ಟ್ಯಾಟಿಸ್ಟಿಕ್ಸ್ ಎನ್ನುತ್ತಾರೆ. ಆ ಎಣಿಕೆಯನ್ನು ಇಸವಿಯಾಗಿ ಮಾರ್ಪಡಿಸುವ ಸಾಹಸಕ್ಕೆ ಗ್ಲಾಟೋಕ್ರೊನಾಲಜಿ ಎಂದು ಹೆಸರು. ಸಮಿತಿಗೆ ಮೊದಲನೆಯದರಲ್ಲಿ ಆಸಕ್ತಿಯಿರಲಿಲ್ಲ. ಬರಿ ಎಣಿಕೆಗೆ ಯಾರು ಶಾಮಿಯಾನ ಹಾಕಿಸುತ್ತಾರೆ?

ಸೂತ್ರ ಇಷ್ಟೇ:

```
t = log c / (2 × log r)
```

`c` ಎಂದರೆ ಎರಡೂ ಭಾಷೆಗಳಲ್ಲಿ ಉಳಿದಿರುವ ಜ್ಞಾತಿಪದಗಳ ಪಾಲು. `r` ಎಂದರೆ ಒಂದು ಭಾಷೆ ಸಾವಿರ ವರ್ಷದಲ್ಲಿ ಉಳಿಸಿಕೊಳ್ಳುವ ಪಾಲು. ನೂರು ಪದದ ಪಟ್ಟಿಗೆ ಇದು 0.86 ಎಂದು ಗೊತ್ತುಮಾಡಿದ್ದಾರೆ. ಬೇರೆಯಾದ ಮೇಲೆ ಎರಡು ಮನೆಯವರೂ ತಮ್ಮ ತಮ್ಮ ಪಾಡಿಗೆ ಪದ ಕಳೆದುಕೊಳ್ಳುತ್ತಾರೆ, ಆದ್ದರಿಂದ ಕೆಳಗೆ 2. ಉತ್ತರ ಸಾವಿರ ವರ್ಷಗಳಲ್ಲಿ ಬರುತ್ತದೆ.

ಪಟ್ಟಿ ತುಂಬುವ ಕೆಲಸವನ್ನು ಮಾನಸಗಂಗೋತ್ರಿಯಲ್ಲಿ ಭಾಷಾಶಾಸ್ತ್ರ ಓದುತ್ತಿರುವ ಒಬ್ಬ ಹುಡುಗಿಗೆ ವಹಿಸಿದ್ದರು. ಪಕ್ಕದಲ್ಲಿ ನಿವೃತ್ತ ಕನ್ನಡ ಮೇಷ್ಟ್ರು ಕುಳಿತಿದ್ದರು. ಕಣ್ಣು, ಕೈ, ಕಲ್ಲು, ಮೀನು ಎಲ್ಲ ಸಲೀಸಾಗಿ ಹೋಯಿತು. ಬೆಟ್ಟದ ಹತ್ತಿರ ಬಂದಾಗ ಏರು ಶುರುವಾಯಿತು. ತಮಿಳಿನಲ್ಲಿ ‘ಮಲೈ’. ಹುಡುಗಿ ಕನ್ನಡಕ್ಕೆ ‘ಬೆಟ್ಟ’ ಎಂದು ಬರೆದು, ಜ್ಞಾತಿಯಲ್ಲವೆಂದು ಸೊನ್ನೆ ಹಾಕಿದಳು.

“ಏನಮ್ಮಾ ಇದು? ಮಲೆ ಎಂಬುದು ಕನ್ನಡವಲ್ಲವೇ? ಮಲೆನಾಡು ಎಲ್ಲಿಂದ ಬಂತು? ವರ್ಷಾ ವರ್ಷ ಕಾಲ್ನಡಿಗೆಯಲ್ಲಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುತ್ತೇನೆ ನಾನು!” ಎಂದು ಖಜಾಂಚಿ ಎದ್ದು ನಿಂತರು.

“ಹೌದು ಸರ್, ಅದರಲ್ಲಿ ಎರಡೂ ಇವೆ. ಆದರೆ ದಿನಬಳಕೆಯ ಒಂದೇ ಪದವನ್ನು ಬರೆಯಬೇಕೆಂದು ನಿಯಮ” ಎಂದಳು ಹುಡುಗಿ.

ಮುಂದಿನದು ಹೊಟ್ಟೆ. ತಮಿಳಿನ ‘ವಯಿಱು’ ನಮ್ಮ ‘ಬಸಿರಿ’ನ ಜ್ಞಾತಿಯೇ. ಹಳಗನ್ನಡದಲ್ಲಿ ಬಸಿರು ಎಂದರೆ ಹೊಟ್ಟೆಯೇ ಆಗಿತ್ತು; ಈಗ ಅರ್ಥ ಬದಲಾಗಿದೆ, ಆದ್ದರಿಂದ ಲೆಕ್ಕಕ್ಕಿಲ್ಲ. ಮೇಷ್ಟ್ರು ಕೆರಳಿದರು. ಸೂರ್ಯನಂತೂ ಇನ್ನೂ ದೊಡ್ಡ ತಂಟೆ. ಇಬ್ಬರ ಆಡುಮಾತಿನಲ್ಲೂ ಇರುವುದು ಸಂಸ್ಕೃತದ ಪದ. ಎರವಲು ಪದಕ್ಕೆ ಅಂಕ ಕೊಟ್ಟರೆ ಇಬ್ಬರೂ ಮೂರನೆಯವರ ಮನೆಯಿಂದ ತಂದದ್ದಕ್ಕೆ ನೆಂಟಸ್ತನ ಹೇಳಿದಂತಾಗುತ್ತದೆ. ಕೊಡದಿದ್ದರೆ ‘ನೇಸರು’, ‘ಞಾಯಿಱು’ ಎಂಬ ಅಪ್ಪಟ ಜ್ಞಾತಿಗಳು ಎರಡು ನಿಘಂಟುಗಳಲ್ಲೂ ಕುಳಿತು ನಗುತ್ತವೆ. ಇನ್ನು ಕಿವಿ: ತಮಿಳು ಗ್ರಂಥಗಳ ‘ಚೆವಿ’ ನಮ್ಮ ಕಿವಿಯ ಜ್ಞಾತಿ, ಬೀದಿಯ ತಮಿಳಿನ ‘ಕಾದು’ ಅಲ್ಲ. ಯಾವ ತಮಿಳನನ್ನು ಕೇಳಬೇಕು, ಸಂಘಂ ಕವಿಯನ್ನೋ ಹೊಸೂರಿನ ಲಾರಿ ಚಾಲಕನನ್ನೋ?

ಇದು ಬರಿ ಮೇಷ್ಟ್ರುಗಳ ತಕರಾರಲ್ಲ, ಇಸವಿ ಅಲುಗಾಡುವುದು ಇಲ್ಲಿಯೇ. ಲೆಕ್ಕ ನೋಡುವುದಕ್ಕಾಗಿ, ಕಟ್ಟುನಿಟ್ಟಿನವರಿಗೆ 60 ಜ್ಞಾತಿಪದ ಸಿಕ್ಕಿತು, ಉದಾರಿಗಳಿಗೆ 70 ಸಿಕ್ಕಿತು ಎಂದು ಇಟ್ಟುಕೊಳ್ಳಿ, ಅಂಕಿಗಳು ನನ್ನವು. 60 ಹಾಕಿದರೆ ಸೂತ್ರ ಹೇಳುವುದು ಸುಮಾರು 1,700 ವರ್ಷ, ಅಂದರೆ ನಾಲ್ಕನೆಯ ಶತಮಾನ. 70 ಹಾಕಿದರೆ ಸುಮಾರು 1,180 ವರ್ಷ, ಅಂದರೆ ಒಂಬತ್ತನೆಯ ಶತಮಾನ. ಹತ್ತು ಪದಕ್ಕೆ ಐದು ಶತಮಾನ. ಖಜಾಂಚಿಯವರ ಮಲೆಯೊಂದರ ಬೆಲೆಯೇ ಐವತ್ತು ವರ್ಷ.

ಎರಡನೆಯ ಉತ್ತರ ನಿಜವಾದರೆ ಆಗುವ ಅವಾಂತರ ನೋಡಿ. ಕನ್ನಡ ಬೇರೆಯಾಗುವುದು ಕ್ರಿ.ಶ. 840ರ ಆಸುಪಾಸಿನಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಸಿದ್ಧವಾದದ್ದು ಸುಮಾರು 850ರಲ್ಲಿ. ಬೇರೆ ಸಂಸಾರ ಹೂಡಿ ಒಲೆ ಹಚ್ಚುವಷ್ಟರಲ್ಲಿ ಕಾವ್ಯಶಾಸ್ತ್ರವೇ ಹುಟ್ಟಿಬಿಟ್ಟಿತು. ಅದಕ್ಕೂ ನಾನೂರು ವರ್ಷ ಮೊದಲು, 450ರ ಸುಮಾರಿಗೆ, ಹಲ್ಮಿಡಿಯ ಕಲ್ಲಿನ ಮೇಲೆ ಕನ್ನಡ ಕೆತ್ತಿದವನು ಇನ್ನೂ ಹುಟ್ಟದ ಭಾಷೆಯಲ್ಲಿ ಕೆತ್ತಿದ್ದನೆಂದು ಒಪ್ಪಬೇಕಾಗುತ್ತದೆ. ಅಧ್ಯಕ್ಷರು ಶಾಸನವನ್ನು ಸಭೆಗೆ ಕರೆಸಿ ಸ್ಪಷ್ಟೀಕರಣ ಕೇಳೋಣವೆನ್ನಲಿಲ್ಲ, ಅಷ್ಟು ಪುಣ್ಯ.

“ಹಾಗಾದರೆ ಆ ಇನ್ನೊಂದು ಅಂಕಿಯನ್ನು ಸ್ವಲ್ಪ ಸರಿಸಬಹುದೇ?” ಎಂದು ಖಜಾಂಚಿ ಮೆಲ್ಲಗೆ ಕೇಳಿದರು. ಲೆಕ್ಕಪತ್ರ ಬಲ್ಲವರ ಪ್ರಶ್ನೆ. ನಿಜವಾದ ಜಗಳವೂ `r` ಎಂಬ ಆ ಅಂಕಿಯದೇ. ಅದಕ್ಕೆ ಬುನಾದಿ 1953ರಲ್ಲಿ ರಾಬರ್ಟ್ ಲೀಸ್ ಹಾಕಿದ ಲೆಕ್ಕ. ಹಳೆಯ ಬರಹವಿರುವ 13 ಭಾಷೆಗಳನ್ನು ತೆಗೆದುಕೊಂಡು, ಸಾವಿರ ವರ್ಷಕ್ಕೆ ಸರಾಸರಿ ಎಷ್ಟು ಪದ ಉಳಿಯುತ್ತವೆ ಎಂದು ಆತ ಎಣಿಸಿದ. 13ರಲ್ಲಿ 11 ಇಂಡೋ-ಯುರೋಪಿಯನ್ ಭಾಷೆಗಳು. ಅವುಗಳಲ್ಲೂ ಆರು ಲ್ಯಾಟಿನ್ ಎಂಬ ಒಬ್ಬಳೇ ತಾಯಿಯ ಮಕ್ಕಳು. ಹೊರಗಿನವು ಚೀನೀ ಮತ್ತು ಈಜಿಪ್ಟಿನ ಕಾಪ್ಟಿಕ್ ಮಾತ್ರ. ದ್ರಾವಿಡ ಭಾಷೆ ಒಂದೂ ಇಲ್ಲ. ಒಂದೇ ಬೀದಿಯ ಮತ ಎಣಿಸಿ ಇಡೀ ಕ್ಷೇತ್ರದ ಫಲಿತಾಂಶ ಪ್ರಕಟಿಸಿದಂತಾಯಿತು.

1962ರಲ್ಲಿ ನಾರ್ವೆಯ ಬರ್ಗ್‌ಸ್ಲಾಂಡ್ ಮತ್ತು ಫೋಗ್ಟ್ ಎಂಬ ವಿದ್ವಾಂಸರು ಬೇರೆ ಬೀದಿಗೆ ಹೋಗುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ; ತಮ್ಮ ಮನೆಯನ್ನೇ ಎಣಿಸಿದರು. ಐಸ್‌ಲ್ಯಾಂಡಿನ ಭಾಷೆ ಮತ್ತು ನಾರ್ವೆಯ ಬರಹದ ಭಾಷೆ ಎರಡನ್ನೂ ಹಳೆಯ ನಾರ್ಸ್ ಭಾಷೆಯೊಂದಿಗೆ ಹೋಲಿಸಿದರು. ಸೂತ್ರದ ಪ್ರಕಾರ ಎರಡೂ ಸಾವಿರ ವರ್ಷಕ್ಕೆ ಶೇಕಡಾ 14ರಷ್ಟು ಪದ ಕಳೆದುಕೊಂಡಿರಬೇಕು. ನಾರ್ವೆಯದು ಸುಮಾರು 20 ಕಳೆದುಕೊಂಡಿತ್ತು, ಐಸ್‌ಲ್ಯಾಂಡಿನದು ಸುಮಾರು 4. ನಡುಗಡ್ಡೆಯಲ್ಲಿ ಹಳೆಯ ಕಥೆಗಳನ್ನು ಓದುತ್ತ ಕುಳಿತ ಜನರ ಮಾತು ಮಿಸುಕಲಿಲ್ಲ. ಡೆನ್ಮಾರ್ಕಿನ ದೊರೆಗಳನ್ನೂ ಜರ್ಮನ್ ವರ್ತಕರನ್ನೂ ಕಂಡ ನಾರ್ವೆಯ ಮಾತು ಬೇಗ ಬದಲಾಯಿತು. ಇಂಗಾಲದ ಪರಮಾಣುವಿಗೆ ದೊರೆ ಯಾರೆಂಬ ಚಿಂತೆಯಿಲ್ಲ. ನಮ್ಮ ಹಳ್ಳಿಯವನಿಗೆ ಕತ್ತಲಾದರೆ ‘ಹಾವು’ ಎನ್ನಲೂ ಭಯ, ‘ಹುಳ’ ಎನ್ನುತ್ತಾನೆ. ಅಂಥ ಭಯಗಳಿಂದಲೂ ಪದಗಳು ಸಾಯುತ್ತವೆ.

ಹುಡುಗಿ ಈ ಎರಡು ವೇಗಗಳನ್ನೂ ಹಾಕಿ ನೋಡಿದಳು. ಅದೇ 60 ಜ್ಞಾತಿಪದಕ್ಕೆ ನಾರ್ವೆಯ ವೇಗದಲ್ಲಿ ಸುಮಾರು 1,150 ವರ್ಷ, ಐಸ್‌ಲ್ಯಾಂಡಿನ ವೇಗದಲ್ಲಿ 6,200 ವರ್ಷಕ್ಕೂ ಹೆಚ್ಚು. ಸಭೆಯಲ್ಲಿ ಸಂಚಲನ. ‘ಐಸ್‌ಲ್ಯಾಂಡಿನದೇ ಇರಲಿ’ ಎಂದು ಕೈಗಳು ಎದ್ದವು. ಒಂದು ಭಾಷೆಯ ಪ್ರಾಚೀನತೆ ಬಹುಮತದಿಂದ ತೀರ್ಮಾನವಾದದ್ದನ್ನು ಕಣ್ಣಾರೆ ಕಂಡ ಭಾಗ್ಯ ನನ್ನದು.

ಬೇರೆಯಾದ ಮೇಲೆ ಎರಡು ಭಾಷೆಗಳೂ ಪರಸ್ಪರ ಮಾತು ಬಿಟ್ಟಿರಬೇಕು ಎಂಬ ಇನ್ನೊಂದು ಷರತ್ತನ್ನು ಸೂತ್ರ ಸದ್ದಿಲ್ಲದೆ ಹಾಕುತ್ತದೆ. ಮೈಸೂರು ಸೀಮೆಯಲ್ಲಿ ನಿಂತು ಇದನ್ನು ಹೇಳಲು ಧೈರ್ಯ ಬೇಕು. ಹನ್ನೊಂದನೆಯ ಶತಮಾನದುದ್ದಕ್ಕೂ ತಲಕಾಡು ಚೋಳರ ಕೈಯಲ್ಲಿತ್ತು, ಈ ಕಡೆ ತಮಿಳು ಶಾಸನಗಳೂ ಇವೆ. ಮೇಲುಕೋಟೆಯ ಅಯ್ಯಂಗಾರರ ಮನೆಗಳಲ್ಲಿ ಕನ್ನಡ ಬೆರೆತ ತಮಿಳು ಇಂದಿಗೂ ಕೇಳುತ್ತದೆ. ಸಂಸ್ಕೃತದ ಎರವಲನ್ನು ಗುರುತಿಸುವುದು ಸುಲಭ, ದಾಯಾದಿಯ ಎರವಲನ್ನು ಗುರುತಿಸುವುದು ಕಷ್ಟ, ಏಕೆಂದರೆ ಅದು ನೋಡಲು ಜ್ಞಾತಿಪದದ ಹಾಗೆಯೇ ಇರುತ್ತದೆ. ಅಂಥವೂ ಲೆಕ್ಕದಲ್ಲಿ ನುಸುಳಿದರೆ ಸಾಮ್ಯ ಏರುತ್ತದೆ, ಬೇರೆಯಾದ ಇಸವಿ ಈಚೆಗೆ ಜಾರುತ್ತದೆ.

ಎಲ್ಲರೂ ಬೋಂಡಾ ತಿನ್ನುವಾಗ ಹುಡುಗಿ ಹೇಳಿದ ಒಂದು ಮಾತು ಇಡೀ ಸಭೆಗಿಂತ ತೂಕದ್ದಾಗಿತ್ತು. ಪ್ರತಿಕೃತಿಯ ಜಗಳಕ್ಕೆ ಇಸವಿಯೇ ಬೇಕಿಲ್ಲವಂತೆ. ಇ, ಎ ಸ್ವರಗಳ ಮುಂದಿನ ಹಳೆಯ ‘ಕ’ವನ್ನು ತಮಿಳು ಬಹಳಷ್ಟು ಪದಗಳಲ್ಲಿ ‘ಚ’ ಮಾಡಿಕೊಂಡಿತು, ಕನ್ನಡ ಮಾಡಿಕೊಳ್ಳಲಿಲ್ಲ. ಕಿವಿಗೆ ಅಲ್ಲಿ ಚೆವಿ, ಕೆರೆಗೆ ಅಲ್ಲಿ ಚಿಱೈ. ಕನ್ನಡ ಆ ತಮಿಳಿನ ಹೊಟ್ಟೆಯಿಂದ ಬಂದಿದ್ದರೆ ನಮ್ಮವರು ಬದಲಾದ ಪದಗಳನ್ನೇ ಹುಡುಕಿ ಹುಡುಕಿ ಹಿಂದಕ್ಕೆ ತಿದ್ದಿರಬೇಕು. ಹಾಲಿನ ವಿಷಯದಲ್ಲಿ ತಮಿಳು ‘ಪಾಲ್’ ಎಂದು ಹಳೆಯ ‘ಪ’ವನ್ನು ಉಳಿಸಿಕೊಂಡಿದೆ, ಬದಲಾದವರು ನಾವು. ಇಬ್ಬರಿಗೂ ಹಿಂದೆ ಒಂದು ಮೂಲವಿತ್ತು ಎಂಬುದಕ್ಕೆ ಉಳಿದ ಪದಗಳ ಶೇಕಡಾವಾರಿಗಿಂತ ಇಂಥ ಬದಲಾವಣೆಗಳೇ ಗಟ್ಟಿ ಸಾಕ್ಷಿ. ಆದರೆ ಇದು ಫ್ಲೆಕ್ಸಿನಲ್ಲಿ ಹಿಡಿಯುವುದಿಲ್ಲ.

ಪದಪಟ್ಟಿಯಿಂದ ಕಾಲ ಹೇಳುವ ಆಸೆಯನ್ನು ವಿದ್ವಾಂಸರು ಪೂರ್ತಿ ಬಿಟ್ಟಿಲ್ಲ ಎಂಬುದೂ ನಿಜ. 2018ರಲ್ಲಿ ಒಂದು ತಂಡ 20 ದ್ರಾವಿಡ ಭಾಷೆಗಳ ಪದಗಳನ್ನು ಬೇಸಿಯನ್ ಎಂಬ ಸಂಭವನೀಯತೆಯ ಲೆಕ್ಕದ ವಿಧಾನದಿಂದ ಹೋಲಿಸಿ, ಇಡೀ ಕುಟುಂಬದ ವಯಸ್ಸು ಸುಮಾರು 4,500 ವರ್ಷ ಎಂದು ಅಂದಾಜಿಸಿತು. ಆ ಬಗೆಯ ಲೆಕ್ಕದಲ್ಲಿ ಒಂದೊಂದು ಕವಲಿಗೂ ಬೇರೆ ವೇಗವಿರಲು ಅವಕಾಶವಿದೆ, ಉತ್ತರವೂ ಒಂದು ಇಸವಿಯಾಗಿ ಬರದೆ ಅಗಲವಾದ ವ್ಯಾಪ್ತಿಯಾಗಿ ಬರುತ್ತದೆ. ‘ವ್ಯಾಪ್ತಿಗೆ ಜಯಂತಿ ಮಾಡಲು ಬರುವುದಿಲ್ಲ’ ಎಂದು ಸಮಿತಿ ಅದನ್ನು ತಿರಸ್ಕರಿಸಿತು.

6,200 ಎಂಬುದೇ ಮುದ್ರಣಕ್ಕೆ ಹೋಗುವುದರಲ್ಲಿತ್ತು. ಆಗ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು: “ಅಧ್ಯಕ್ಷರೇ, ಪಾಲಾದ ದಿನ ಅಣ್ಣನಿಗೊಂದು ತಮ್ಮನಿಗೊಂದು ಇರುತ್ತದೆಯೇ? ಕನ್ನಡ ತಮಿಳಿನಿಂದ ಬೇರೆಯಾದ ದಿನವೇ ತಮಿಳೂ ಕನ್ನಡದಿಂದ ಬೇರೆಯಾಯಿತಲ್ಲ. ನೀವು ಎಷ್ಟು ಸಾವಿರ ಹಾಕಿದರೂ ಅವರಿಗೂ ಅಷ್ಟೇ ಸಾವಿರ ಬರುತ್ತದೆ.”

ಸಭೆ ಸ್ವಲ್ಪ ಹೊತ್ತು ಲೆಕ್ಕ ಹಾಕಿತು. ಕೊನೆಗೆ ಖಜಾಂಚಿ ರಸೀದಿ ಪುಸ್ತಕ ಮುಚ್ಚಿ, ಹಾಗಿದ್ದರೆ ಶಾಮಿಯಾನದ ಅರ್ಧ ಬಾಡಿಗೆಯನ್ನು ಚೆನ್ನೈಯಲ್ಲಿ ಯಾರ ಹೆಸರಿಗೆ ಬರೆಯಬೇಕು ಎಂದು ವಿಚಾರಿಸತೊಡಗಿದರು.