ಸಂಬಳದ ಮನೆಯ ಉಳಿತಾಯದಲ್ಲಿ ಆಪ್ಷನ್ಸ್‌ಗೆ ಸಣ್ಣದೊಂದು ಪಾಲು ಇರಬೇಕೇ?

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಎದುರು ಮನೆಯ ದಂಪತಿ ಕಳೆದ ಭಾನುವಾರ ಸಂಜೆ ಕೆಲವು ಪ್ರಶ್ನೆಗಳನ್ನು ಬರೆದುಕೊಂಡು ಬಂದಿದ್ದರು. ಪತಿ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ, ಪತ್ನಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಎಂಟು ವರ್ಷಗಳ ನಂತರ ಬರುವ ಮಗಳ ಎಂಜಿನಿಯರಿಂಗ್ ಓದಿಗೆಂದು ಷೇರು ಸೂಚ್ಯಂಕವಾದ ನಿಫ್ಟಿಯನ್ನೇ ಅನುಸರಿಸುವ ಇಂಡೆಕ್ಸ್ ಫಂಡಿನಲ್ಲಿ 6 ಲಕ್ಷ ರೂಪಾಯಿ ಕೂಡಿಸಿದ್ದಾರೆ. ಬ್ಯಾಂಕಿನಿಂದ ನಿವೃತ್ತನಾದ ನನ್ನನ್ನು ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

"ಸರ್, ತಿಂಗಳಿಗೆ 5,000 ರೂಪಾಯಿಯನ್ನಷ್ಟೇ ಆಪ್ಷನ್ಸ್‌ಗೆ ಇಟ್ಟರೆ ಅದೂ ಒಂದು ಎಸ್‌ಐಪಿಯಂತೆ ಆಗುವುದಿಲ್ಲವೇ?" ಎಂಬುದು ಅವರ ಮೊದಲ ಪ್ರಶ್ನೆ.

ಆಗುವುದಿಲ್ಲ. ತಿಂಗಳು ತಿಂಗಳು ಫಂಡಿಗೆ ಹಣ ಹಾಕುವ ಎಸ್‌ಐಪಿಯಲ್ಲಿ ಮಾರುಕಟ್ಟೆ ಬಿದ್ದ ತಿಂಗಳು ಕೊಂಡ ಯೂನಿಟ್ ನಿಮ್ಮ ಹೆಸರಿನಲ್ಲಿಯೇ ಉಳಿಯುತ್ತದೆ ಮತ್ತು ಮಾರುಕಟ್ಟೆ ಚೇತರಿಸಿಕೊಳ್ಳುವವರೆಗೆ ಕಾಯುತ್ತದೆ. ಆಪ್ಷನ್ ಎಂದರೆ ಷೇರು ಅಥವಾ ಸೂಚ್ಯಂಕ ಏರುತ್ತದೆ ಇಲ್ಲವೇ ಇಳಿಯುತ್ತದೆ ಎಂಬ ಅಂದಾಜಿನ ಮೇಲೆ ಪ್ರೀಮಿಯಂ ಎಂಬ ಬೆಲೆ ಕೊಟ್ಟು ಕೊಳ್ಳುವ ಒಪ್ಪಂದ. ಅದಕ್ಕೆ ಎಕ್ಸ್‌ಪೈರಿ, ಅಂದರೆ ಮುಗಿಯುವ ದಿನವಿದೆ. ಆ ದಿನ ನಿಮ್ಮ ಅಂದಾಜು ನಿಜವಾಗಿರದಿದ್ದರೆ ಕಟ್ಟಿದ ಪ್ರೀಮಿಯಂ ಪೂರ್ತಿ ಹೋಗುತ್ತದೆ, ಮರುದಿನವೇ ಮಾರುಕಟ್ಟೆ ಏರಿದರೂ ನಿಮಗೆ ಅದರಲ್ಲಿ ಪಾಲಿರುವುದಿಲ್ಲ. ಎಂಟು ವರ್ಷ ಕಾಯುವ ಶಕ್ತಿಯೇ ಸಂಬಳದಾರರ ದೊಡ್ಡ ಬಲ. ಆಪ್ಷನ್ ಕೊಳ್ಳುವಾಗ ನಾವು ಆ ಬಲವನ್ನೇ ಬಿಟ್ಟುಕೊಡುತ್ತೇವೆ.

ಎರಡನೆಯ ಪ್ರಶ್ನೆಯನ್ನು ಶಿಕ್ಷಕಿಯವರು ಕೇಳಿದರು, ಮತ್ತು ಅದು ಹೆಚ್ಚು ಯೋಚಿಸಿದ ಪ್ರಶ್ನೆಯಾಗಿತ್ತು. ಲಾಭಕ್ಕಾಗಿ ಬೇಡ, ಬೈಕಿಗೆ ವಿಮೆ ಮಾಡಿಸಿದಂತೆ ಈ 6 ಲಕ್ಷಕ್ಕೆ ರಕ್ಷಣೆಯಾಗಿ ಪುಟ್ ಆಪ್ಷನ್ ಕೊಳ್ಳಬಹುದಲ್ಲವೇ ಎಂದರು. ಪುಟ್ ಎಂದರೆ ನಿಫ್ಟಿ ಒಂದು ನಿಗದಿತ ಮಟ್ಟಕ್ಕಿಂತ ಕೆಳಗಿಳಿದಾಗ ಹಣ ತಂದುಕೊಡುವ ಒಪ್ಪಂದ. ದೊಡ್ಡ ನಿಧಿಗಳು ಇದನ್ನು ಹೀಗೆ ಬಳಸುವುದೂ ಉಂಟು. ಆದ್ದರಿಂದ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆವು.

ಲೆಕ್ಕಕ್ಕಾಗಿ ನಿಫ್ಟಿ 25,000ದಲ್ಲಿದೆ, ಆಪ್ಷನ್ ಕೊಳ್ಳಬಹುದಾದ ಕನಿಷ್ಠ ಪ್ರಮಾಣವಾದ ಒಂದು ಲಾಟ್ ಎಂದರೆ ನಿಫ್ಟಿಯ 65 ಪಟ್ಟು ಎಂದು ಇಟ್ಟುಕೊಂಡೆವು. ಹಾಗಾದರೆ ಒಂದು ಲಾಟ್ ಕಾಯುವುದು 16.25 ಲಕ್ಷ ರೂಪಾಯಿಯನ್ನು. ಅವರಲ್ಲಿರುವುದು 6 ಲಕ್ಷ. ಲಾಟನ್ನು ಮುರಿದು ಮೂರನೇ ಒಂದು ಭಾಗ ಕೊಳ್ಳಲು ಸಾಧ್ಯವಿಲ್ಲ. ಬೈಕಿನ ರಕ್ಷಣೆಗೆ ಲಾರಿಯ ಪ್ರೀಮಿಯಂ ಕಟ್ಟಿದಂತೆ ಆಯಿತು. ಒಂದು ತಿಂಗಳ 24,000 ಮಟ್ಟದ ಪುಟ್‌ಗೆ 100 ರೂಪಾಯಿ ದರವಿದ್ದರೆ ಲಾಟಿಗೆ 6,500 ರೂಪಾಯಿ, ವರ್ಷಕ್ಕೆ 78,000. ಅಂದರೆ 6 ಲಕ್ಷದಲ್ಲಿ ಪ್ರತಿ ವರ್ಷ ಶೇಕಡಾ 13ರಷ್ಟು ವಿಮೆಗೇ ಹೋಗುತ್ತದೆ. ಫಂಡ್ ವರ್ಷವರ್ಷವೂ ಅಷ್ಟು ಗಳಿಸುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಇಷ್ಟು ಕಟ್ಟಿದ ಮೇಲೂ ರಕ್ಷಣೆ ಸಿಗದೇ ಇರಬಹುದು ಎಂಬುದನ್ನು ಅವರಿಗೆ ಒತ್ತಿ ಹೇಳಿದೆ. ಮಾರುಕಟ್ಟೆ ಒಂದೇ ತಿಂಗಳಲ್ಲಿ ಕುಸಿದರೆ ಪುಟ್ ಕೈಹಿಡಿಯುತ್ತದೆ, ನಿಜ. ಆದರೆ ತಿಂಗಳಿಗೆ ಶೇಕಡಾ 3ರಂತೆ ನಾಲ್ಕು ತಿಂಗಳು ಇಳಿಯಿತು ಎನ್ನಿ. ನೀವು ಪ್ರತಿ ತಿಂಗಳೂ ಆಗಿನ ಮಟ್ಟಕ್ಕಿಂತ ಶೇಕಡಾ 4 ಕೆಳಗಿನ ಪುಟ್ ಕೊಳ್ಳುತ್ತೀರಿ, ನಿಫ್ಟಿ ಆ ಗೆರೆಯನ್ನು ಮುಟ್ಟುವ ಮೊದಲೇ ಎಕ್ಸ್‌ಪೈರಿ ಬರುತ್ತದೆ, ನಾಲ್ಕೂ ಸೊನ್ನೆಯಾಗುತ್ತವೆ. ಫಂಡಿನಲ್ಲಿ ಸುಮಾರು 69,000, ಪ್ರೀಮಿಯಂನಲ್ಲಿ ಕನಿಷ್ಠ 26,000, ಎರಡೂ ಹೋಗುತ್ತವೆ.

ಪತಿ ಆಪ್ಷನ್ ಮಾರಿ, ಅಂದರೆ ಪ್ರೀಮಿಯಂ ಪಡೆದು ನಷ್ಟದ ಅಪಾಯವನ್ನು ತಾವು ಹೊತ್ತು, ತಿಂಗಳ ಆದಾಯ ಪಡೆಯುವ ವಿಷಯವನ್ನೂ ಎತ್ತಿದರು. ಅದಕ್ಕೆ ಲಾಟಿಗೆ ಲಕ್ಷಕ್ಕೂ ಹೆಚ್ಚು ಮಾರ್ಜಿನ್, ಅಂದರೆ ಭದ್ರತೆಯ ಹಣ ಬೇಕು, ಇದೇ ಫಂಡನ್ನು ಅಡವಿಡಬೇಕಾಗುತ್ತದೆ, ನಷ್ಟವಾದರೆ ಮಗಳ ಓದಿನ ಯೂನಿಟ್‌ಗಳೇ ಮಾರಾಟಕ್ಕೆ ಹೋಗಬಹುದು. ಇದಕ್ಕೆ ನಾನು ಖಡಾಖಂಡಿತವಾಗಿ ಬೇಡ ಎಂದೆ. ಷೇರಿನ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ನಷ್ಟ ಅನುಭವಿಸಿದರೆಂದು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ ಹೇಳಿದೆ.

ತೆರಿಗೆಯ ವಿಷಯವನ್ನು ಅವರು ಕೇಳಿರಲಿಲ್ಲ, ನಾನೇ ಹೇಳಿದೆ. ಆಪ್ಷನ್ಸ್ ಲಾಭನಷ್ಟವನ್ನು ವ್ಯಾಪಾರದ ಆದಾಯವೆಂದು ಎಣಿಸುವುದರಿಂದ ಐಟಿಆರ್-1 ಬದಲು ಐಟಿಆರ್-3 ಸಲ್ಲಿಸಬೇಕು, ಮತ್ತು ಆ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲು ಬರುವುದಿಲ್ಲ. ಶಿಕ್ಷಕಿಯವರ ಹೆಸರಿನಲ್ಲಿ ಖಾತೆ ತೆರೆಯುವ ಯೋಚನೆಯಿದ್ದರೆ, ಸರ್ಕಾರಿ ನೌಕರರ ನಡತೆ ನಿಯಮಗಳು ಷೇರುಗಳಲ್ಲಿ ಸಟ್ಟಾ ವ್ಯವಹಾರವನ್ನು ನಿಷೇಧಿಸಿವೆ ಎಂಬುದನ್ನು ಮೊದಲು ಗಮನಿಸಬೇಕು.

"ಹಾಗಾದರೆ ಕಾಲೇಜು ಸೇರುವ ವರ್ಷವೇ ಮಾರುಕಟ್ಟೆ ಬಿದ್ದರೆ ಏನು ಮಾಡುವುದು, ಸರ್?" ಎಂದು ಶಿಕ್ಷಕಿಯವರು ಕೇಳಿದರು. ಅವರ ನಿಜವಾದ ಭಯ ಇದೇ ಆಗಿತ್ತು. ಅದಕ್ಕೆ ಪುಟ್ ಬೇಕಾಗಿಲ್ಲ. ಐದನೆಯ ವರ್ಷದ ಕೊನೆಯಿಂದ ಪ್ರತಿ ವರ್ಷ ಫಂಡಿನ ಮೂರನೇ ಒಂದು ಭಾಗದಷ್ಟನ್ನು ಬ್ಯಾಂಕ್ ಠೇವಣಿಗೆ ವರ್ಗಾಯಿಸುತ್ತ ಬಂದರೆ, ಮೊದಲ ಶುಲ್ಕ ಕಟ್ಟುವ ಹೊತ್ತಿಗೆ ಆ ಹಣ ಮಾರುಕಟ್ಟೆಯಿಂದ ಹೊರಗಿರುತ್ತದೆ. ಆಪ್ಷನ್ಸ್‌ಗೆಂದು ತೆಗೆದಿಡಲು ಹೊರಟಿದ್ದ 5,000 ರೂಪಾಯಿಯಿಂದ ಈ ತಿಂಗಳಿಂದಲೇ ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ಟುವುದಾಗಿ ಹೇಳಿ ಅವರು ಎದ್ದರು.