ಸಿಟಿಸಿಯಲ್ಲಿ ಬರೆದ ಗ್ರಾಚ್ಯುಟಿ ಪಗಾರವಲ್ಲ

ಹೈದರಾಬಾದಿನ ಕಂಪನಿಯೊಂದರಿಂದ ನನ್ನ ಅಣ್ಣನ ಮಗಳಿಗೆ ವರ್ಷಕ್ಕೆ 6 ಲಕ್ಷ ರೂಪಾಯಿ ಸಿಟಿಸಿಯ, ಅಂದರೆ ಕಂಪನಿಗೆ ತಗಲುವ ಒಟ್ಟು ವೆಚ್ಚದ, ಆಫರ್ ಲೆಟರ್ ಬಂದಿದೆ. ಅದರಲ್ಲಿ ಮೂಲ ವೇತನ ತಿಂಗಳಿಗೆ 26,000, ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಗ್ರಾಚ್ಯುಟಿ ವರ್ಷಕ್ಕೆ 15,000 ಎಂದಿದೆ. "ಕಾಕಾ, ಈ ಹದಿನೈದು ಸಾವಿರ ನನ್ನ ಪಗಾರದಾಗಿಂದ ಕಟ್ ಮಾಡ್ತಾರೇನು?" ಎಂದು ಆಕೆ ಕೇಳಿದಳು. ಕಲಬುರಗಿಯಲ್ಲಿ ಅನೇಕ ವರ್ಷಗಳಿಂದ ಸಂಬಳದ ಲೆಕ್ಕ ಬರೆಯುತ್ತಿರುವ ನನಗೆ ಈ ಪ್ರಶ್ನೆ ಹೊಸದಲ್ಲವಾದರೂ, ಇದಕ್ಕೆ ವಿವರವಾದ ಉತ್ತರ ಸಿಗಲೇಬೇಕು.

ಗ್ರಾಚ್ಯುಟಿಯನ್ನು ನೌಕರರ ಪಗಾರದಿಂದ ಕಡಿಯುವುದಿಲ್ಲ. ಅದು ಪೂರ್ತಿ ಮಾಲೀಕರು ಹೊರಬೇಕಾದ ಹೊಣೆ. ಕಾನೂನು ತಿಂಗಳಿಗೆ 26 ಕೆಲಸದ ದಿನಗಳೆಂದು ಹಿಡಿದು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನವನ್ನು ಕೊಡಲು ಹೇಳುತ್ತದೆ. 26,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 1,000, ಹದಿನೈದು ದಿನಕ್ಕೆ 15,000. ಆಕೆ ಒಂದು ವರ್ಷ ದುಡಿದಾಗ ಕಂಪನಿಯ ಮೇಲೆ ಅಷ್ಟು ಹೊಣೆ ಬೆಳೆಯುತ್ತದೆ, ಅದನ್ನು ಆಯಾ ವರ್ಷದ ಖರ್ಚೆಂದೇ ಲೆಕ್ಕಪುಸ್ತಕದಲ್ಲಿ ತೋರಿಸಬೇಕಾಗುತ್ತದೆ. ಆದ್ದರಿಂದ ಕಂಪನಿಗೆ ತಗಲುವ ಒಟ್ಟು ವೆಚ್ಚದಲ್ಲಿ ಅದನ್ನು ಸೇರಿಸುವುದು ಲೆಕ್ಕದ ದೃಷ್ಟಿಯಿಂದ ಸರಿಯೇ.

ನನ್ನ ಆಕ್ಷೇಪ ಇರುವುದು ಆ ಮೊತ್ತವನ್ನು ಷರತ್ತು ಹೇಳದೆ ಸಂಬಳದ ಸಾಲಿನಲ್ಲಿ ನಿಲ್ಲಿಸುವುದಕ್ಕೆ. ಕಾಯಂ ನೌಕರರು ಸತತ 5 ವರ್ಷ ಸೇವೆ ಮುಗಿಸುವ ಮೊದಲೇ ರಾಜೀನಾಮೆ ಕೊಟ್ಟರೆ ಆ ಹಣದಲ್ಲಿ ಒಂದು ಪೈಸೆಯೂ ಕೈಗೆ ಬರುವುದಿಲ್ಲ. ಮರಣ ಅಥವಾ ಅಂಗವೈಕಲ್ಯದ ಸಂದರ್ಭಕ್ಕೆ ಮಾತ್ರ ಈ ಅವಧಿಯ ಷರತ್ತಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸುವವರು ಎರಡು ಆಫರ್‌ಗಳನ್ನು ಹೋಲಿಸುವಾಗ ಈ ಮೊತ್ತವನ್ನು ಕಳೆದೇ ನೋಡಬೇಕು.

ಇನ್ನೊಂದು ಮಗ್ಗಲು ನೌಕರರಿಗೆ ಲಾಭದ್ದು. ಆಕೆ ಅಲ್ಲೇ ಉಳಿದು, 7 ವರ್ಷ 7 ತಿಂಗಳ ನಂತರ ಬಿಡುವಾಗ ಮೂಲ ವೇತನ 39,000 ಆಗಿದೆ ಎಂದುಕೊಳ್ಳೋಣ. 6 ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಎಣಿಸುವುದರಿಂದ ಸೇವೆ 8 ವರ್ಷವಾಗುತ್ತದೆ. ಲೆಕ್ಕ ಹೀಗೆ:

```
39,000 × 15 ÷ 26 × 8 = 1,80,000
```

ಮೊದಲ ವರ್ಷಗಳ ಕಡಿಮೆ ವೇತನಕ್ಕೆ ಇಲ್ಲಿ ಬೆಲೆಯೇ ಇಲ್ಲ. ಕೊನೆಯ ವೇತನವೇ ಎಂಟೂ ವರ್ಷಗಳಿಗೆ ಅನ್ವಯವಾಗುತ್ತದೆ. ವರ್ಷಕ್ಕೆ 15,000ದಂತೆ ಎಂಟು ವರ್ಷ ಕೂಡಿದರೆ 1,20,000 ಮಾತ್ರ. ಹೀಗಾಗಿ ಆಫರ್ ಲೆಟರಿನ ಮೊತ್ತ ಒಂದು ಅಂದಾಜೇ ಹೊರತು, ಕೊನೆಗೆ ಸಿಗುವ ಹಣದ ಮಿತಿಯಲ್ಲ.

ಕೆಲಸ ಬಿಡುವಾಗ ಅಂತಿಮ ಲೆಕ್ಕದ ಹಾಳೆಯಲ್ಲಿ ಭಾಜಕ ಯಾವುದೆಂದು ದಯವಿಟ್ಟು ನೋಡಿಕೊಳ್ಳಿ. 26ರ ಬದಲು 30 ಹಾಕಿದ್ದರೆ ಇದೇ ಮೊತ್ತ 1,56,000ಕ್ಕೆ ಇಳಿದು, 24,000 ರೂಪಾಯಿ ಸದ್ದಿಲ್ಲದೆ ಹೋಗಿಬಿಡುತ್ತದೆ. ತುಟ್ಟಿಭತ್ಯೆ ಇದ್ದರೆ ಅದೂ ಮೂಲ ವೇತನದ ಜೊತೆ ಸೇರಿರಬೇಕು. ಬರಬೇಕಾದ ಹಣ 30 ದಿನಗಳೊಳಗೆ ಬಾರದಿದ್ದರೆ ಸರಳ ಬಡ್ಡಿಯ ಸಮೇತ ಕೇಳುವ ಹಕ್ಕು ನಿಮಗಿದೆ, ಮತ್ತು ಆ ತಕರಾರನ್ನು ಕಾರ್ಮಿಕ ಇಲಾಖೆಯಲ್ಲಿರುವ ಗ್ರಾಚ್ಯುಟಿಯ ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸಬಹುದು.